ಪತ್ರಿಕೆಗಳ ಹೆಸರನ್ನು ಮೊಟಕು ಮಾಡುವ ಬಗೆ

ಇತಿಹಾಸದ ಪ್ರಬಂಧವೊಂದರ ಆಕರಪಟ್ಟಿಯಲ್ಲಿ ‘ಜೆ.ಐ.ಎಚ್., ಸಂಪುಟ 12’ ಎಂದು ಕಂಡಿತೆನ್ನೋಣ. ಇದು ಯಾವ ಪತ್ರಿಕೆ? ಪ್ರಾಚೀನ ಭಾರತವನ್ನು ಓದುವವನು ‘ಜರ್ನಲ್ ಆಫ್ ಇಂಡಿಯನ್ ಹಿಸ್ಟರಿ’ ಎಂದು ತಿಳಿಯುತ್ತಾನೆ. ಯುರೋಪಿನ ಸಾಮಾಜಿಕ ಇತಿಹಾಸವನ್ನು ಓದುವವನು, 1970ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ‘ಜರ್ನಲ್ ಆಫ್ ಇಂಟರ್‌ಡಿಸಿಪ್ಲಿನರಿ ಹಿಸ್ಟರಿ’ ಎಂದು ತಿಳಿಯುತ್ತಾನೆ. ಎರಡಕ್ಕೂ ಹನ್ನೆರಡನೆಯ ಸಂಪುಟ ಉಂಟು. ಬರೆದವನಿಗೆ ಸ್ಪಷ್ಟವಾಗಿದ್ದ ಮೂರಕ್ಷರ ಓದುವವನನ್ನು ಗ್ರಂಥಾಲಯದ ತಪ್ಪು ಕಪಾಟಿನ ಮುಂದೆ ನಿಲ್ಲಿಸುತ್ತದೆ. ಆಕರವನ್ನು ಕೊಡುವುದೇ ಓದುಗನು ಅದನ್ನು ತೆಗೆದು ನೋಡಲೆಂದು. ಆ ಕೆಲಸವೇ ನಡೆಯದಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ.

ಈ ತೊಡಕನ್ನು ನಿವಾರಿಸಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ‘ಐ.ಎಸ್.ಓ. 4’ ಎಂಬ ನಿಯಮಾವಳಿಯನ್ನು ಮಾಡಿದೆ. ಅದರ ಮೂರನೆಯ ಆವೃತ್ತಿ 1997ರಲ್ಲಿ ಹೊರಬಂದಿತು. ಯಾವ ಪದವನ್ನು ಹೇಗೆ ಮೊಟಕುಗೊಳಿಸಬೇಕೆಂಬ ಪದಪಟ್ಟಿಯನ್ನು ಪ್ಯಾರಿಸ್ಸಿನಲ್ಲಿರುವ ಐ.ಎಸ್.ಎಸ್.ಎನ್. ಅಂತರರಾಷ್ಟ್ರೀಯ ಕೇಂದ್ರವು ಇಟ್ಟುಕೊಂಡು ಬಂದಿದೆ. ಅಂತರಜಾಲದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೊಟಕಾಗುವುದು ಇಡೀ ಹೆಸರಲ್ಲ, ಹೆಸರಿನೊಳಗಿನ ಒಂದೊಂದು ಪದ. ಆದುದರಿಂದ ಈ ರೂಪವನ್ನು ನೋಡಿದವನಿಗೆ ಮೂಲ ಹೆಸರು ಬಹುಮಟ್ಟಿಗೆ ಊಹೆಗೆ ಸಿಕ್ಕುತ್ತದೆ. ಮೇಲಿನ ಎರಡು ಪತ್ರಿಕೆಗಳು ಈ ರೀತಿಯಲ್ಲಿ ಹೀಗಾಗುತ್ತವೆ:

```
J. Indian Hist.
J. Interdiscip. Hist.
```

ಈಗ ಗೊಂದಲಕ್ಕೆ ಎಡೆಯಿಲ್ಲ.

ನಿಯಮಗಳು ಕೆಲವೇ. ‘ದಿ’, ‘ಆಫ್’, ‘ಅಂಡ್’, ‘ಇನ್’ ಮೊದಲಾದ ಸಣ್ಣ ಪದಗಳನ್ನು ಬಿಟ್ಟುಬಿಡಬೇಕು. ಉಳಿದ ಪದಗಳ ಕ್ರಮವನ್ನು ಬದಲಿಸಬಾರದು. ಪ್ರತಿಯೊಂದು ಪದವನ್ನೂ ಪದಪಟ್ಟಿಯಲ್ಲಿ ನೋಡಿ, ಅಲ್ಲಿ ಕೊಟ್ಟಿರುವ ರೂಪವನ್ನೇ ಬರೆದು, ಮೊಟಕಾದ ಪದದ ಕೊನೆಗೆ ಚುಕ್ಕೆ ಇಡಬೇಕು. ಪಟ್ಟಿಯಲ್ಲಿ ಇಲ್ಲದ ಪದವನ್ನು ಪೂರ್ತಿಯಾಗಿ ಬರೆಯಬೇಕು; ಅದಕ್ಕೆ ಚುಕ್ಕೆ ಇಲ್ಲ. ಹೆಸರಿನಲ್ಲಿ ಒಂದೇ ಪದವಿದ್ದರೆ ಅದನ್ನು ಮುಟ್ಟಲೇಬಾರದು. ಅಮೆರಿಕೆಯ ಭಾಷಾವಿಜ್ಞಾನ ಸಂಘದ ‘ಲ್ಯಾಂಗ್ವೇಜ್’ ಪತ್ರಿಕೆಯು ಎಲ್ಲ ಕಡೆಯೂ ‘ಲ್ಯಾಂಗ್ವೇಜ್’ ಆಗಿಯೇ ಇರುತ್ತದೆ. ‘ದಿ ಲ್ಯಾನ್ಸೆಟ್’ ಎಂಬುದರಲ್ಲಿ ‘ದಿ’ ಬಿದ್ದುಹೋಗಿ ಒಂದೇ ಪದ ಉಳಿಯುವುದರಿಂದ ಅದೂ ಮೊಟಕಾಗುವುದಿಲ್ಲ.

ನಿಯಮ ಇಷ್ಟು ಸುಲಭವಾದರೂ ಊಹೆಯಿಂದ ಕೆಲಸ ನಡೆಯದು. ‘ಆಫ್ರಿಕನ್’ ಎಂಬುದು ಮೊಟಕಾಗುತ್ತದೆ. ‘ಏಷ್ಯನ್’, ‘ಇಂಡಿಯನ್’ ಎಂಬುವು ಆಗುವುದಿಲ್ಲ. ‘ಅಮೆರಿಕನ್’ ಎಂಬುದಕ್ಕೆ ನಮ್ಮ ಕೈ ತಾನಾಗಿ Amer. ಎಂದು ಬರೆಯುತ್ತದೆ, ಪಟ್ಟಿಯಲ್ಲಿರುವುದು Am. ಎಂದು. ‘ಸೊಸೈಟಿ’, ‘ಸೋಷಿಯಲ್’ ಎರಡಕ್ಕೂ Soc. ಎಂಬ ಒಂದೇ ರೂಪ. ಆದರೆ ‘ಸೋಷಿಯಾಲಜಿ’ಗೆ Sociol. ಎಂಬ ಬೇರೆ ರೂಪ. ಈ ಭೇದಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಪ್ರಯಾಸ ಬೇಡ. ಒಮ್ಮೆ ಪಟ್ಟಿಯಲ್ಲಿ ನೋಡಿ ಬರೆದಿಟ್ಟುಕೊಂಡರೆ ಸಾಕು.

ನಿಜವಾದ ಕಷ್ಟವಿರುವುದು ಒಂದು ಹೆಸರನ್ನು ಮೊಟಕು ಮಾಡುವುದರಲ್ಲಲ್ಲ. ಇನ್ನೂರು ಮುನ್ನೂರು ನಮೂದುಗಳ ಪಟ್ಟಿಯಲ್ಲಿ ಮೊದಲಿನಿಂದ ಕಡೆಯವರೆಗೆ ಒಂದೇ ಬಗೆಯಾಗಿ ಮಾಡುವುದರಲ್ಲಿ. ಎರಡು ಮೂರು ವರ್ಷ ಕೂಡಿಸಿದ ಪಟ್ಟಿ ಒಂದೇ ಕಡೆಯಿಂದ ಬಂದಿರುವುದಿಲ್ಲ. ಕೆಲವು ನಮೂದುಗಳು ಹಳೆಯ ಗ್ರಂಥಗಳ ಅಡಿಟಿಪ್ಪಣಿಯಿಂದ ಬಂದಿರುತ್ತವೆ, ಕೆಲವು ಗ್ರಂಥಾಲಯದ ಸೂಚಿಯಿಂದ, ಕೆಲವು ಕಂಪ್ಯೂಟರಿನಿಂದ ಇಳಿಸಿಕೊಂಡವು. ಹೀಗಾಗಿ ಒಂದೇ ಪತ್ರಿಕೆ ನಾಲ್ಕು ವೇಷದಲ್ಲಿ ಕುಳಿತಿರುತ್ತದೆ:

```
J Am Orient Soc
JAOS
Jour. Amer. Or. Soc.
Journal of American Oriental Society
```

ಈ ನಾಲ್ಕೂ ‘ಜರ್ನಲ್ ಆಫ್ ದಿ ಅಮೆರಿಕನ್ ಓರಿಯೆಂಟಲ್ ಸೊಸೈಟಿ’ಯೇ. ಮೊದಲನೆಯದು ವೈದ್ಯಶಾಸ್ತ್ರದ ಪಟ್ಟಿಗಳಲ್ಲಿ ರೂಢಿಯಾದ, ಚುಕ್ಕೆಯಿಲ್ಲದ ಕ್ರಮ. ಎರಡನೆಯದು ಪ್ರಾಚ್ಯವಿದ್ಯೆಯವರ ಹಳೆಯ ಆದ್ಯಕ್ಷರ ಕ್ರಮ. ಮೂರನೆಯದು ಯಾರೋ ತಮಗೆ ತೋಚಿದಂತೆ ಮಾಡಿದ್ದು. ನಾಲ್ಕನೆಯದು ಪೂರ್ಣ ಹೆಸರೇ ಆದರೂ ನಡುವಿನ ‘ದಿ’ ತಪ್ಪಿಹೋಗಿದೆ. ಇವನ್ನು ಒಂದೊಂದಾಗಿ ಕಂಡ ಕಂಡಲ್ಲಿ ತಿದ್ದುತ್ತ ಹೋದರೆ, ನೂರನೆಯ ನಮೂದಿಗೆ ಬರುವ ವೇಳೆಗೆ ಹತ್ತನೆಯದನ್ನು ಹೇಗೆ ತಿದ್ದಿದೆವೆಂಬುದು ಮರೆತಿರುತ್ತದೆ.

ಆದುದರಿಂದ ಆಕರಪಟ್ಟಿಯನ್ನು ನೇರವಾಗಿ ತಿದ್ದದೆ, ಮೊದಲು ಒಂದು ಕೋಷ್ಟಕವನ್ನು ಮಾಡಿಕೊಳ್ಳುವುದು ಲೇಸು. ಪಟ್ಟಿಯಲ್ಲಿರುವ ಪತ್ರಿಕೆಗಳ ಹೆಸರನ್ನು ಮಾತ್ರ, ಇದ್ದುದನ್ನು ಇದ್ದಂತೆಯೇ, ಬೇರೆಯಾಗಿ ಇಳಿಸಿಕೊಂಡು ಅಕಾರಾದಿಯಾಗಿ ಜೋಡಿಸಬೇಕು. ಆಗ ಒಂದೇ ಹೆಸರಿನ ಸಣ್ಣಪುಟ್ಟ ವ್ಯತ್ಯಾಸಗಳು ಬಹುಪಾಲು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಮೂರಕ್ಷರ ನಾಲ್ಕಕ್ಷರದ ಆದ್ಯಕ್ಷರ ರೂಪಗಳು ಮಾತ್ರ ದೂರದಲ್ಲಿ ಉಳಿಯುತ್ತವೆ. ಅವನ್ನು ಕಣ್ಣಿನಿಂದಲೇ ಆರಿಸಬೇಕು. ಅನಂತರ ಪ್ರತಿಯೊಂದರ ಎದುರಿಗೂ ಪೂರ್ಣ ಹೆಸರನ್ನೂ, ಅದರ ಮುಂದೆ ಮಾನಕ ರೂಪವನ್ನೂ ಬರೆಯಬೇಕು. ಸಂಶಯ ಬಂದಲ್ಲಿ ಲೇಖನದ ವರ್ಷ, ಸಂಪುಟ, ಪುಟಗಳನ್ನು ಹಿಡಿದು ಮೂಲಪತ್ರಿಕೆಯನ್ನೇ ನೋಡಿ ನಿಶ್ಚಯಿಸಬೇಕು. ನಮ್ಮ ಉದಾಹರಣೆಯಲ್ಲಿ ‘ಆಫ್’, ‘ದಿ’ ಎರಡನ್ನೂ ಬಿಟ್ಟರೆ ನಾಲ್ಕು ಪದಗಳು ಉಳಿಯುತ್ತವೆ. ನಾಲ್ಕಕ್ಕೂ ಪಟ್ಟಿಯಲ್ಲಿ ರೂಪವಿದೆ:

```
J. Am. Orient. Soc.
```

ಪೂರ್ಣ ಹೆಸರಿನ ಕಂಬಸಾಲು ಏಕೆ ಬೇಕೆಂದರೆ, ಮೊಟಕು ರೂಪದಿಂದ ಪೂರ್ಣರೂಪಕ್ಕೆ ಹಿಂದಿರುಗುವ ದಾರಿ ಯಾವಾಗಲೂ ಇರುವುದಿಲ್ಲ. Hist. ಎಂಬುದು ‘ಹಿಸ್ಟರಿ’ಯೋ ‘ಹಿಸ್ಟಾರಿಕಲ್’ ಎಂಬುದೋ ಅದರಿಂದಲೇ ತಿಳಿಯದು. ಪ್ರಬಂಧಕ್ಕೆ ಒಂದು ಕ್ರಮ, ಅದರ ಅಧ್ಯಾಯವನ್ನು ಅಚ್ಚು ಹಾಕುವ ಪತ್ರಿಕೆಗೆ ಇನ್ನೊಂದು ಕ್ರಮ ಬೇಕಾಗುವುದು ಸಾಮಾನ್ಯ. ಮಾನವಿಕ ವಿಷಯಗಳ ಎಷ್ಟೋ ಪತ್ರಿಕೆಗಳು ಪೂರ್ಣ ಹೆಸರನ್ನೇ ಕೇಳುತ್ತವೆ. ಪೂರ್ಣ ಹೆಸರು ಕೈಯಲ್ಲಿದ್ದವನು ಯಾವ ರೂಪವನ್ನಾದರೂ ಕೊಡಬಲ್ಲನು. ಮೊಟಕು ರೂಪವನ್ನಷ್ಟೇ ಉಳಿಸಿಕೊಂಡವನು ಮತ್ತೆ ಗ್ರಂಥಾಲಯಕ್ಕೆ ಹೋಗಬೇಕು.

ಪೂರ್ಣ ಹೆಸರನ್ನು ನಿಶ್ಚಯಿಸುವಾಗ ಲೇಖನ ಅಚ್ಚಾದ ಕಾಲದಲ್ಲಿ ಪತ್ರಿಕೆಗಿದ್ದ ಹೆಸರನ್ನೇ ತೆಗೆದುಕೊಳ್ಳಬೇಕು. ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಯ ಸಮಾಜರಚನೆಯನ್ನು ಕುರಿತು 1951ರಲ್ಲಿ ಬರೆದ ಪ್ರಸಿದ್ಧ ಲೇಖನವು ‘ಇಕನಾಮಿಕ್ ವೀಕ್ಲಿ’ಯಲ್ಲಿ ಬಂದಿತು. ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಆರಂಭವಾದದ್ದು 1966ರಲ್ಲಿ. ಈಗಿನ ಹೆಸರೇ ನಮಗೆ ಪರಿಚಿತವಾದುದರಿಂದ 1951ರ ಲೇಖನಕ್ಕೂ ಅದನ್ನೇ ಹಚ್ಚುವುದು ಸುಲಭ; ಆದರೆ ಆ ವರ್ಷದಲ್ಲಿ ಅಂಥ ಪತ್ರಿಕೆಯೇ ಇರಲಿಲ್ಲ. ಆ ನಮೂದಿಗೆ ತಕ್ಕ ರೂಪ ಇದು:

```
Econ. Wkly.
```

ಲಂಡನ್ನಿನ ಪ್ರಾಚ್ಯವಿದ್ಯಾ ಶಾಲೆಯ ಬುಲೆಟಿನ್ನಿನ ವಿಷಯವೂ ಹೀಗೆಯೇ. 1940ರವರೆಗೆ ಅದರ ಹೆಸರಿನಲ್ಲಿ ‘ಆಫ್ರಿಕನ್’ ಎಂಬ ಪದವಿರಲಿಲ್ಲ. 1930ರ ದಶಕದ ಲೇಖನಕ್ಕೂ 1960ರ ದಶಕದ ಲೇಖನಕ್ಕೂ ಎರಡು ಬೇರೆ ರೂಪಗಳು ಬರತಕ್ಕದ್ದು, ಅದು ಅಸಂಗತಿಯಲ್ಲ:

```
Bull. Sch. Orient. Stud.
Bull. Sch. Orient. Afr. Stud.
```

ಕೋಷ್ಟಕ ಸಿದ್ಧವಾದ ಮೇಲೆ ಆಕರಪಟ್ಟಿಯಲ್ಲಿ ಹೆಸರುಗಳನ್ನು ಬದಲಿಸಬೇಕು. ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸುವ ಅನುಕೂಲವಿರುವುದರಿಂದ ಇದು ಕ್ಷಣದ ಕೆಲಸವೆನಿಸುತ್ತದೆ. ಆದರೆ ಎಚ್ಚರ ತಪ್ಪಿದರೆ ಹಾನಿಯೂ ಕ್ಷಣದಲ್ಲೇ ಆಗುತ್ತದೆ. ‘ಜರ್ನಲ್’ ಎಂಬ ಪದವನ್ನು ಎಲ್ಲೆಡೆಯೂ ಬದಲಿಸೆಂದು ಅಪ್ಪಣೆ ಕೊಟ್ಟರೆ, ಲೇಖನದ ಶೀರ್ಷಿಕೆಯಲ್ಲೋ ಗ್ರಂಥದ ಹೆಸರಿನಲ್ಲೋ ಬಂದ ‘ಜರ್ನಲ್’ ಕೂಡ ಮೊಟಕಾಗುತ್ತದೆ. ಪದಗಳನ್ನು ಬಿಟ್ಟು ಪೂರ್ತಿ ಹೆಸರನ್ನೇ ಬದಲಿಸಿದರೂ ಒಂದು ಬಲೆಯಿದೆ. ‘ಸೋಷಿಯಲಾಜಿಕಲ್ ರಿವ್ಯೂ’ ಒಂದು ಪತ್ರಿಕೆ. ‘ಅಮೆರಿಕನ್ ಸೋಷಿಯಲಾಜಿಕಲ್ ರಿವ್ಯೂ’ ಇನ್ನೊಂದು. ಮೊದಲನೆಯದನ್ನು ಬದಲಿಸುವಾಗ ಎರಡನೆಯದರ ಬಾಲವೂ ತುಂಡಾಗಿ ಇಂಥ ಅರೆಬೆಂದ ರೂಪ ಹುಟ್ಟುತ್ತದೆ:

```
American Sociol. Rev.
```

ಇರಬೇಕಾದುದು ಹೀಗೆ:

```
Am. Sociol. Rev.
```

ಉದ್ದವಾದ ಹೆಸರುಗಳನ್ನು ಮೊದಲು ಬದಲಿಸಿ ಚಿಕ್ಕವನ್ನು ಆಮೇಲೆ ಬದಲಿಸಿದರೆ ಈ ತಪ್ಪು ತಪ್ಪುತ್ತದೆ. ಪತ್ರಿಕೆಯ ಹೆಸರಿಗೆ ಪ್ರತ್ಯೇಕ ಕಂಬಸಾಲು ಇದ್ದು, ಆ ಸಾಲಿನಲ್ಲಿ ಮಾತ್ರ, ಇಡೀ ಹೆಸರು ಸರಿಹೊಂದಿದಾಗ ಮಾತ್ರ ಬದಲಿಸುವಂತೆ ಮಾಡಿದರೆ ಇನ್ನೂ ಕ್ಷೇಮ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳು ಸಾಕು. ಮೊದಲನೆಯದು ಎಣಿಕೆ. ಕೋಷ್ಟಕದಲ್ಲಿ ಬೇರೆ ಬೇರೆ ಪೂರ್ಣ ಹೆಸರುಗಳು ಎಷ್ಟಿವೆಯೋ ಸಿದ್ಧವಾದ ಪಟ್ಟಿಯಲ್ಲಿ ಬೇರೆ ಬೇರೆ ಮೊಟಕು ರೂಪಗಳೂ ಅಷ್ಟೇ ಇರಬೇಕು. ಅರವತ್ತು ಪತ್ರಿಕೆಗಳಿಗೆ ಅರವತ್ತಮೂರು ರೂಪಗಳಿದ್ದರೆ ಎಲ್ಲೋ ಒಂದು ಪತ್ರಿಕೆ ಎರಡು ವೇಷದಲ್ಲಿ ಉಳಿದಿದೆ, ಇಲ್ಲವೇ ಒಂದು ಚುಕ್ಕೆ ಬಿಟ್ಟುಹೋಗಿದೆ. ಐವತ್ತೊಂಬತ್ತೇ ಇದ್ದರೆ ಎರಡು ಪತ್ರಿಕೆಗಳು ಒಂದೇ ರೂಪದೊಳಗೆ ಸೇರಿಹೋಗಿವೆ. ಇದು ಹೆಚ್ಚಿನ ಅಪಾಯ. ಅಂಥಲ್ಲಿ ಪ್ರಕಟವಾದ ಊರಿನ ಹೆಸರನ್ನು ಆವರಣದಲ್ಲಿ ಸೇರಿಸಿ ಬೇರ್ಪಡಿಸಬೇಕು. ಎರಡನೆಯದು ಶೇಷಪರೀಕ್ಷೆ. ಪತ್ರಿಕೆಗಳ ಸಾಲಿನಲ್ಲಿ ‘ಆಫ್’, ‘ದಿ’, ‘ಅಂಡ್’, ‘ಜರ್ನಲ್’ ಎಂಬ ಪದಗಳನ್ನು ಹುಡುಕಬೇಕು. ಒಂದಾದರೂ ಸಿಕ್ಕಿದರೆ ಆ ನಮೂದು ನಮ್ಮ ಕೈತಪ್ಪಿಸಿಕೊಂಡಿದೆ ಎಂದರ್ಥ.

ಕನ್ನಡ ಪತ್ರಿಕೆಗಳ ಮಾತೇನು? ‘ಪ್ರಬುದ್ಧ ಕರ್ಣಾಟಕ’ದಂಥ ಹೆಸರನ್ನು ‘ಪ್ರ.ಕ.’ ಎಂದು ಬರೆಯುವ ರೂಢಿ ನಮ್ಮಲ್ಲಿ ಉಂಟು. ಸಂಕೇತಸೂಚಿಯನ್ನು ಗ್ರಂಥದ ಆದಿಯಲ್ಲಿ ಕೊಟ್ಟಿದ್ದರೆ ಅದು ನಡೆದೀತು. ಶಾಸನಶಾಸ್ತ್ರದವರು ‘ಎಪಿಗ್ರಾಫಿಯಾ ಇಂಡಿಕಾ’ಕ್ಕೆ ‘ಇ.ಐ.’ ಎಂದೂ ‘ಇಂಡಿಯನ್ ಆಂಟಿಕ್ವರಿ’ಗೆ ‘ಐ.ಎ.’ ಎಂದೂ ಬರೆಯುವುದು ಇಂಥ ಸೂಚಿಯ ಬಲದಿಂದಲೇ. ಸೂಚಿಯಿಲ್ಲದಿದ್ದರೆ ಎರಡೇ ಪದದ ಕನ್ನಡ ಹೆಸರನ್ನು ಪೂರ್ತಿಯಾಗಿ ಬರೆಯುವುದರಿಂದ ಆಗುವ ನಷ್ಟ ಅಲ್ಪ, ಲಾಭ ಹೆಚ್ಚು. ಒಂದೇ ಪಟ್ಟಿಯಲ್ಲಿ ಆದ್ಯಕ್ಷರ ಕ್ರಮವನ್ನೂ ಮಾನಕ ಕ್ರಮವನ್ನೂ ಬೆರಸುವುದು ಮಾತ್ರ ಸಲ್ಲದು. ಬೆರಸಿದೆವೆಂದರೆ ‘ಜೆ.ಐ.ಎಚ್.’ ಎಂಬ ಮೂರಕ್ಷರ ಮತ್ತೆ ತಲೆಯೆತ್ತುತ್ತದೆ. ಅದು ಯಾವ ಪತ್ರಿಕೆಯೆಂದು ಹೇಳಲು ಬರೆದವನು ಓದುಗನ ಪಕ್ಕದಲ್ಲಿ ನಿಂತಿರುವುದಿಲ್ಲ.