ಹಬ್ಬದ ಗಿರಾಕಿಯನ್ನು ಕರೆತಂದವರು ಯಾರು?

ತಪ್ಪು ಕಲ್ಪನೆ: ಯುಗಾದಿಗೆ ಮುಂಚಿನ ತಿಂಗಳಲ್ಲಿ ಇಡೀ ವರ್ಷದ ದುಡ್ಡನ್ನು ಮಾರಾಟದ ಜಾಹೀರಾತಿಗೆ ಸುರಿದರೆ ಸಾಕು, ಉಳಿದ ಹನ್ನೊಂದು ತಿಂಗಳು ಹೆಸರು ಮೂಡಿಸುವುದೆಲ್ಲ ದಂಡ.

ಬಟ್ಟೆ ವ್ಯಾಪಾರಿಗಳ ಬಾಯಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಸಾಕ್ಷಿಗೆ ಮೊಬೈಲ್ ಮುಂದೆ ಹಿಡಿಯುತ್ತಾರೆ: ಹಾಕಿದ ಒಂದು ರೂಪಾಯಿಗೆ ಎಂಟು ರೂಪಾಯಿ ವ್ಯಾಪಾರವಂತೆ! ಫೇಸ್‌ಬುಕ್ ಜಾಹೀರಾತನ್ನು ಒತ್ತಿದವರು ಏಳು ದಿನದೊಳಗೆ ಕೊಂಡರೆ ಆ ವ್ಯಾಪಾರವನ್ನು ಫೇಸ್‌ಬುಕ್ ಸಾಮಾನ್ಯವಾಗಿ ಜಾಹೀರಾತಿನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಹಬ್ಬಕ್ಕೆ ಹೇಗಿದ್ದರೂ ಕೊಳ್ಳಲಿದ್ದವರೂ ಅದರಲ್ಲಿ ಸೇರಿರುತ್ತಾರೆ.

ಸತ್ಯ ತಿಳಿಯಲು ಎರಡು ಊರು ಸಾಕು. ಒಂದು ಜೀನ್ಸ್ ಬ್ರ್ಯಾಂಡ್ ರಾಯದುರ್ಗದಲ್ಲೂ ಮಡಕಶಿರಾದಲ್ಲೂ ಮಾರುತ್ತದೆ ಎನ್ನೋಣ. ಹಬ್ಬದ ಹಿಂದಿನ ಎರಡು ವಾರ ಮಾರಾಟದ ಜಾಹೀರಾತು ರಾಯದುರ್ಗಕ್ಕೆ ಮಾತ್ರ. ಹೋದ ವರ್ಷ ಹಬ್ಬದ ಹಿಂದಿನ ಎರಡು ವಾರದಲ್ಲಿ ರಾಯದುರ್ಗದಲ್ಲಿ 400, ಮಡಕಶಿರಾದಲ್ಲಿ 200 ಪ್ಯಾಂಟು ಹೋಗಿದ್ದವು. ಈ ಸಲ 440 ಮತ್ತು 210. ಜಾಹೀರಾತಿಲ್ಲದ ಊರೇ ನೂರಕ್ಕೆ ಐದು ಬೆಳೆದಿದೆ, ಹಾಗಾಗಿ ರಾಯದುರ್ಗವೂ ತಾನಾಗಿ 420 ಮುಟ್ಟುತ್ತಿತ್ತು. ಜಾಹೀರಾತು ತಂದದ್ದು 20 ಪ್ಯಾಂಟು. ಅದಕ್ಕೆ 8,000 ರೂಪಾಯಿ ಖರ್ಚಾಗಿದ್ದರೆ ಪ್ಯಾಂಟಿಗೆ 400. ಲಾಭ ಅಷ್ಟು ಉಳಿಯುತ್ತದೆಯೇ, ನೀವೇ ನೋಡಿ. ಒಂದೇ ವರ್ಷದ ಲೆಕ್ಕ ಆಕಸ್ಮಿಕವೂ ಇರಬಹುದು, ಮುಂದಿನ ವರ್ಷ ಊರು ಅದಲುಬದಲು ಮಾಡಿ.

ಹಾಗಾದರೆ ಹಂಚುವುದು ಹೇಗೆ? ವರ್ಷಕ್ಕೆ 1,20,000 ಇದ್ದರೆ ಹಬ್ಬದಿಂದ ದೂರದ ಒಂಬತ್ತು ತಿಂಗಳಿಗೆ ತಲಾ 5,000, ಅದರಲ್ಲಿ 4,000 ಹೆಸರು ಪರಿಚಯಿಸಲು. ಆಮೇಲಿನ ಮೂರು ತಿಂಗಳಿಗೆ 10,000, 25,000, 40,000. ಕೊನೆಯ ತಿಂಗಳಲ್ಲಿ ಮಾತ್ರ ಮಾರಾಟಕ್ಕೆ 32,000. ಅಷ್ಟರಲ್ಲಿ ವರ್ಷವಿಡೀ ನಿಮ್ಮ ವಿಡಿಯೊ ನೋಡಿದವರ ಪಟ್ಟಿ ಕೈಯಲ್ಲಿರುತ್ತದೆ. ಅಂಥವರನ್ನು 365 ದಿನದವರೆಗೆ ಮತ್ತೆ ತಲುಪಬಹುದು. ಹೊಸಬರ ಬೆನ್ನು ಹತ್ತುವುದಕ್ಕಿಂತ ಸಾಮಾನ್ಯವಾಗಿ ಅದೇ ಅಗ್ಗ.

ಪ್ರತಿ ತಿಂಗಳೂ ಹೆಸರಿಗೆ 60, ಮಾರಾಟಕ್ಕೆ 40 ಎಂಬುದು ಇನ್ನೊಂದು ಮಂತ್ರ. ಲೆಸ್ ಬಿನೆಟ್ ಮತ್ತು ಪೀಟರ್ ಫೀಲ್ಡ್ 2013ರಲ್ಲಿ ಹೇಳಿದ್ದು ಬ್ರಿಟನ್ನಿನ ದೊಡ್ಡ ಜಾಹೀರಾತುಗಳ ಸರಾಸರಿ, ತಿಂಗಳ ಪಂಚಾಂಗವಲ್ಲ. ಮೂರನೆಯ ಮಂತ್ರವೂ ಇದೆ: 'ಬೂಸ್ಟ್' ಒತ್ತಿದರೆ ವ್ಯಾಪಾರ ಎನ್ನುವವರಿಗೆ ಹೆಚ್ಚಾಗಿ ಸಿಗುವುದು ಲೈಕು.

ತರಕಾರಿ ಕೊಳ್ಳುವಾಗ ತಕ್ಕಡಿಯನ್ನೇ ನಂಬದವರು ಪರದೆಯ ಮೇಲಿನ ಹಸಿರು ಅಂಕಿಗೆ ಕೈ ಮುಗಿಯುತ್ತಾರೆ, ತಮ್ಮದೇ ಬಿಲ್ ಪುಸ್ತಕ ತೆರೆಯುವುದಿಲ್ಲ! ಈ ಮಾರ್ಚನ್ನು ಹೋದ ಮಾರ್ಚಿಗೆ ಹೋಲಿಸುವವರೂ ಅವರೇ. ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂತು. 2027ರಲ್ಲಿ ಏಪ್ರಿಲ್ 7. ಬಜೆಟ್ಟನ್ನು ಆ ದಿನದಿಂದ ಹಿಂದಕ್ಕೆ ವಾರಗಳಲ್ಲಿ ಎಣಿಸಿ ಹಂಚಿ.