ಹಾಲೂಡಿಸುವ ಕೋಣೆಗೊಂದು ಸುತ್ತೋಲೆ

ನಮ್ಮ ಕಚೇರಿಯಲ್ಲಿ ಹಾಲೂಡಿಸುವ ಕೋಣೆ ಮತ್ತು ಕೂಸುಗಳ ಕ್ರೆಷ್ ಸಿದ್ಧವಾದಾಗ ಅದರ ಸುತ್ತೋಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಕರಡಿನಲ್ಲಿ ‘ಮ್ಯಾನೇಜರ್ ಅನುಮತಿ ಪಡೆದು ಬಳಸತಕ್ಕದ್ದು’, ‘ದುರುಪಯೋಗ ಕಂಡುಬಂದಲ್ಲಿ ಕ್ರಮ ಜರುಗಿಸಲಾಗುವುದು’ ಎಂದೆಲ್ಲ ಬರೆದಿದ್ದೆ. ಹೆರಿಗೆ ರಜೆ ಮುಗಿಸಿ ಆಗಷ್ಟೇ ಬಂದಿದ್ದ ಸಹೋದ್ಯೋಗಿಯೊಬ್ಬರು ಓದಿ, “ಮೇಡಂ, ಇದು ಪಾರ್ಕಿನ ಗೇಟಿಗೆ ಹಾಕೋ ಬೋರ್ಡ್ ಥರ ಇದೆ” ಅಂದರು. ಹರಿದು ಹಾಕಿದೆ.

ಅನುಮತಿ ಎಂಬ ಮಾತೇ ತಪ್ಪು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಕ್ರೆಷ್ ಕಡ್ಡಾಯ ಮಾಡಿತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಊಟದ ವಿರಾಮವೂ ಈ ನಾಲ್ಕರಲ್ಲೇ ಸೇರುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮ ಕೊಡಬೇಕೆಂಬುದು ಮೊದಲಿನಿಂದಲೂ ಇದ್ದ ನಿಯಮ. 2020ರ ಸಾಮಾಜಿಕ ಭದ್ರತಾ ಸಂಹಿತೆ ಇವೆಲ್ಲವನ್ನೂ ಉಳಿಸಿಕೊಂಡಿದೆ. ಹಾಗಾಗಿ ಎರಡನೇ ಕರಡಿನಲ್ಲಿ ‘ನಿಮ್ಮ ತಂಡಕ್ಕೆ ಸಮಯ ತಿಳಿಸಿದರೆ ಸಾಕು, ಕಾರಣ ಹೇಳಬೇಕಿಲ್ಲ’ ಎಂದು ಬರೆದೆ.

ನಿಜವಾದ ಗೋಜಲು ಶುರುವಾದದ್ದು ಬುಕಿಂಗ್‌ನಲ್ಲಿ. ಮಗುವನ್ನು ಮನೆಯಲ್ಲಿ ಅಜ್ಜಿಯ ಬಳಿ ಬಿಟ್ಟು ಬರುವ ತಾಯಿಗೆ ಸುಮಾರು ಮೂರು ಗಂಟೆಗೊಮ್ಮೆ ಹಾಲು ತೆಗೆಯಲೇಬೇಕಾಗುತ್ತದೆ. ತಪ್ಪಿದರೆ ಎದೆ ಕಟ್ಟಿ ಕಲ್ಲಾಗುತ್ತದೆ, ನೋವು ಏರುತ್ತದೆ; ಕೆಲವರಿಗೆ ಕೆಂಪಗಾಗಿ ಜ್ವರವೇ ಬರುತ್ತದೆ. ಆಗ ವೈದ್ಯರನ್ನು ಕಾಣಬೇಕು. ಪದೇ ಪದೇ ತಪ್ಪಿದರೆ ಹಾಲೇ ಕಡಿಮೆಯಾಗುತ್ತದೆ. ಕೋಣೆ ಖಾಲಿಯಾಗುವವರೆಗೆ ಕಾಯಿರಿ ಅನ್ನುವಂತಿಲ್ಲ.

ನಮಗಿದ್ದದ್ದು ಒಂದೇ ಕೋಣೆ, ಮೂವರು ತಾಯಂದಿರು. ಪಂಪ್ ಮಾಡಲು 20 ನಿಮಿಷ, ತೊಳೆದು ಒರೆಸಲು 10, ಅವಸರವಿಲ್ಲದೆ ಸೀರೆ–ಕುರ್ತಾ ಸರಿಮಾಡಿಕೊಂಡು ಹೊರಬರಲು ಇನ್ನೊಂದು 10. ಒಟ್ಟು 40 ನಿಮಿಷದ ಸರದಿ. ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ ಇಂಥ 13 ಸರದಿ ಸಿಗುತ್ತವೆ. ಮೊದಲ ವಾರ ‘ಬಂದವರಿಗೆ ಮೊದಲು’ ಅಂದೆವು. ಮೂವರೂ 11 ಗಂಟೆಗೇ ಬಾಗಿಲ ಮುಂದೆ ನಿಂತರು! ಆಮೇಲೆ ಪ್ರತಿಯೊಬ್ಬರಿಗೂ ದಿನವೂ ಅದೇ ಸಮಯವೆಂದು ಗೊತ್ತುಮಾಡಿದೆವು. ಒಬ್ಬರಿಗೆ 10.20, 1.00 ಮತ್ತು 3.40. ಇನ್ನೊಬ್ಬರಿಗೆ 11.00, 1.40, 4.20. ಮೂರನೆಯವರಿಗೆ 11.40, 2.20, 5.00. ಉಳಿದ ನಾಲ್ಕು ಸರದಿ, ಮೀಟಿಂಗ್ ಎಳೆದು ಸಮಯ ತಪ್ಪಿದವರಿಗೆ. ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವುದು ‘ಕಾಯ್ದಿರಿಸಿದೆ’ ಎಂಬ ಪದ ಮಾತ್ರ, ಹೆಸರಲ್ಲ. ಯಾರು ಯಾವಾಗ ಹಾಲು ತೆಗೆಯುತ್ತಾರೆ ಎಂಬುದು ಇಡೀ ಮಹಡಿಗೆ ಗೊತ್ತಾಗಬೇಕಾದ ಸಂಗತಿಯಲ್ಲ. ಕೋಣೆಗೆ ಒಳಗಿನಿಂದ ಚಿಲಕ. ಖಾಲಿ ಇದೆಯೆಂದು ಫೋನ್ ಕರೆಗೆ ಅಲ್ಲಿ ನುಗ್ಗುವವರಿಗೆ ಮಾತ್ರ ಸುತ್ತೋಲೆಯಲ್ಲಿ ಸ್ವಲ್ಪ ಗಡುಸಾಗಿಯೇ ಬರೆದೆ.

ಫ್ರಿಜ್ಜಿನ ಜಗಳ ಬೇರೆ. ಊಟದ ಡಬ್ಬಿ, ಮೊಸರು ಅದರಲ್ಲಿ ಇಡಬಾರದು. ಬಾಟಲಿಯ ಮೇಲೆ ಹೆಸರು, ದಿನಾಂಕ, ಗಂಟೆ ಬರೆದ ಚೀಟಿ ಇರಬೇಕು. ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, 4 ಡಿಗ್ರಿಯ ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಬಾಗಿಲಿನ ತಟ್ಟೆಯಲ್ಲಿ ಬೇಡ, ಒಳಗೆ ಹಿಂದಕ್ಕೆ ಇಡಬೇಕು. ಬಾಗಿಲು ತೆಗೆದಾಗಲೆಲ್ಲ ಅಲ್ಲಿ ಬಿಸಿ ತಾಗುತ್ತದೆ. ಮನೆಗೆ ಒಯ್ಯಲು ಐಸ್ ಪ್ಯಾಕ್ ಇಟ್ಟ ಚೀಲ. ಬಿಸಿ ಮಾಡುವುದಾದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಿ, ಮೈಕ್ರೋವೇವ್‌ನಲ್ಲಿ ಬೇಡ. ಅದರಲ್ಲಿ ಹಾಲು ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುವಷ್ಟು ಕಾದಿರುತ್ತದೆ.

ಕ್ರೆಷ್‌ನ ನಿಯಮ ಕಡಿಮೆ. ಜ್ವರ, ಭೇದಿ ಇದ್ದ ದಿನ ಮಗುವನ್ನು ಕರೆತರಬಾರದು. ಸಂಜೆ ಯಾರು ಕರೆದೊಯ್ಯುತ್ತಾರೆಂದು ಮೊದಲೇ ಬರೆದುಕೊಟ್ಟವರ ಕೈಗೇ ಮಗು. “ನಾನು ಅವನ ಮಾವ” ಅಂದರೂ ಆಯಾ ಒಪ್ಪಬಾರದು, ಬೇಸರ ಮಾಡಿಕೊಳ್ಳಬಾರದು. ಅಪ್ಪಂದಿರೂ ಮಗುವನ್ನು ಇಲ್ಲಿ ಬಿಡಬಹುದು ಎಂಬ ಸಾಲನ್ನು ಮೊದಲ ಕರಡಿನಲ್ಲಿ ಮರೆತೇ ಬಿಟ್ಟಿದ್ದೆ.

ನಿಮ್ಮ ಕಚೇರಿಯಲ್ಲಿ ಇಂಥ ಸುತ್ತೋಲೆ ಇನ್ನೂ ಬಂದಿಲ್ಲವೇ? ಕೆಲಸಕ್ಕೆ ಸೇರುವಾಗಲೇ ಹೆರಿಗೆ ಸೌಲಭ್ಯಗಳೇನೇನು ಎಂದು ಪ್ರತಿ ಮಹಿಳೆಗೂ ಲಿಖಿತವಾಗಿ ತಿಳಿಸಬೇಕು ಎಂದು 2017ರ ತಿದ್ದುಪಡಿಯೇ ಹೇಳಿತ್ತು. ನಿಮ್ಮ ನೇಮಕಾತಿ ಪತ್ರದ ಜೊತೆ ಬಂದ ಕಾಗದಗಳನ್ನು ಒಮ್ಮೆ ತೆಗೆದು ನೋಡಿ.