ನಿರ್ದೇಶಕರು ಹೋದರು, ಅವರ ಸಹಿ ಬ್ಯಾಂಕಿನಲ್ಲೇ ಉಳಿಯಿತು

ಪೀಣ್ಯದಲ್ಲಿ ಇಬ್ಬರು ಗೆಳೆಯರು ಸೇರಿ ನಡೆಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದಿದೆ ಎಂದುಕೊಳ್ಳಿ. ಇಬ್ಬರೂ ನಿರ್ದೇಶಕರು. ಚೆಕ್ಕಿಗೆ ಇಬ್ಬರ ಸಹಿಯೂ ಬೇಕು. ತಿಂಗಳ ಕೊನೆಗೆ ಒಬ್ಬರು ರಾಜೀನಾಮೆ ಕೊಟ್ಟು ಹೊರನಡೆಯುತ್ತಾರೆ. ಏಳನೇ ತಾರೀಖಿಗೆ ಕಾರ್ಮಿಕರ ಸಂಬಳ ಹಾಕಬೇಕು, ಖಾತೆಯಲ್ಲಿ ದುಡ್ಡೂ ಇದೆ. ಆದರೆ ತೆಗೆಯುವುದು ಹೇಗೆ?

ಕಂಪನಿ ಕಾಯ್ದೆ 2013ರ 168ನೇ ಸೆಕ್ಷನ್ ಪ್ರಕಾರ, ರಾಜೀನಾಮೆ ಪತ್ರ ಕಂಪನಿಗೆ ತಲುಪಿದ ದಿನ ಅಥವಾ ಪತ್ರದಲ್ಲೇ ಬರೆದ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಅಂದಿನಿಂದ ಆ ವ್ಯಕ್ತಿ ನಿರ್ದೇಶಕರಲ್ಲ. ಬ್ಯಾಂಕಿಗೆ ಮಾತ್ರ ಇದು ತಾನಾಗಿ ತಿಳಿಯುವುದಿಲ್ಲ. ಅದರ ಕಡತದಲ್ಲಿರುವುದು ಹಿಂದೆ ಕಂಪನಿ ಕೊಟ್ಟ ಠರಾವು ಮತ್ತು ಮಾದರಿ ಸಹಿ. ಹೊಸ ಸೂಚನೆ ಬರುವವರೆಗೆ ಅದು ಹಳೆಯ ಸಹಿಯನ್ನೇ ನಂಬಿ ಹಣ ಕೊಡುತ್ತದೆ. ಒಬ್ಬರದೇ ಸಹಿ ಸಾಕೆಂಬ ಖಾತೆಯಾಗಿದ್ದರಂತೂ, ಕಂಪನಿ ಬಿಟ್ಟವರು ಮರುದಿನವೂ ಚೆಕ್ ಬರೆಯಬಹುದು. ಹಾಗಾಗಿ ರಾಜೀನಾಮೆ ಕೈಸೇರಿದ ದಿನವೇ ಅದರ ಪ್ರತಿಯೊಂದಿಗೆ ಶಾಖೆಗೆ ಒಂದು ಪತ್ರ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಪೂರ್ತಿ ಬದಲಾವಣೆ ಆಮೇಲೆ ಆಗಲಿ.

ಪೂರ್ತಿ ಬದಲಾವಣೆಗೆ ಬೇಕಾದದ್ದು ನಿರ್ದೇಶಕ ಮಂಡಳಿಯ ಠರಾವು. ಇಬ್ಬರೇ ನಿರ್ದೇಶಕರಿರುವ ಕಂಪನಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಮಂಡಳಿಯ ಸಭೆಗೆ ಕನಿಷ್ಠ ಇಬ್ಬರಾದರೂ ಕೂರಬೇಕು. ಉಳಿದಿರುವುದು ಒಬ್ಬರೇ. ಅವರೊಬ್ಬರೇ ಸಹಿ ಹಾಕಿ ‘ಇನ್ನು ಮುಂದೆ ಖಾತೆ ನಾನೇ ನಡೆಸುತ್ತೇನೆ’ ಎಂಬ ಠರಾವು ತಂದರೆ ಬ್ಯಾಂಕ್ ಅದನ್ನು ವಾಪಸು ಕಳಿಸುತ್ತದೆ, ಕಳಿಸುವುದೇ ಸರಿ. ಆದರೆ ಕಾಯ್ದೆಯ 174ನೇ ಸೆಕ್ಷನ್ ಇಂಥ ಒಬ್ಬಂಟಿ ನಿರ್ದೇಶಕರಿಗೆ ಎರಡು ಕೆಲಸಗಳಿಗೆ ಅವಕಾಶ ಕೊಟ್ಟಿದೆ: ಕೋರಂ ತುಂಬುವಷ್ಟು ನಿರ್ದೇಶಕರನ್ನು ಸೇರಿಸಿಕೊಳ್ಳುವುದು, ಇಲ್ಲವೇ ಷೇರುದಾರರ ಸಭೆ ಕರೆಯುವುದು.

ನಮ್ಮ ಪೀಣ್ಯದ ಕಂಪನಿಯ ದಾರಿ ಹೀಗೆ ಸಾಗುತ್ತದೆ. ಕಂಪನಿಯ ನಿಯಮಾವಳಿಯಲ್ಲಿ ಅವಕಾಶವಿದ್ದರೆ ಉಳಿದ ನಿರ್ದೇಶಕರು ಮೊದಲು ಇನ್ನೊಬ್ಬರನ್ನು ಹೆಚ್ಚುವರಿ ನಿರ್ದೇಶಕರಾಗಿ ನೇಮಿಸುತ್ತಾರೆ. ಅವರಿಗೆ ನಿರ್ದೇಶಕರ ಗುರುತಿನ ಸಂಖ್ಯೆ ಇರಬೇಕು, ಲಿಖಿತ ಒಪ್ಪಿಗೆಯೂ ಬೇಕು. ಬಳಿಕ ಇಬ್ಬರೂ ಕೂತು ಬ್ಯಾಂಕಿನ ಠರಾವು ಮಾಡುತ್ತಾರೆ. ಒಬ್ಬರು ಹೋದದ್ದು, ಒಬ್ಬರು ಬಂದದ್ದು ಎರಡನ್ನೂ 30 ದಿನದೊಳಗೆ ಡಿಐಆರ್-12 ನಮೂನೆಯಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಅಷ್ಟು ದಿನ ಕಾಯದೆ ತಕ್ಷಣ ಸಲ್ಲಿಸುವುದು ಲೇಸು. ಏಕೆಂದರೆ ಬ್ಯಾಂಕಿನವರು ಸಾಮಾನ್ಯವಾಗಿ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣ ತೆರೆದು ನಿರ್ದೇಶಕರ ಪಟ್ಟಿಯನ್ನು ತಾಳೆ ನೋಡುತ್ತಾರೆ. ಅಲ್ಲಿ ಹಳೆಯ ಹೆಸರೇ ಕಂಡರೆ ಅರ್ಜಿ ಮುಂದೆ ಸಾಗುವುದಿಲ್ಲ.

ಠರಾವಿನ ಒಕ್ಕಣೆ ಬಿಗಿಯಾಗಿರಬೇಕು. ‘ಇವರ ಸಹಿ ಅಧಿಕಾರವನ್ನು ಇಂಥ ದಿನಾಂಕದಿಂದ ರದ್ದುಪಡಿಸಲಾಗಿದೆ, ಇನ್ನು ಮುಂದೆ ಖಾತೆಯನ್ನು ಈ ಇಬ್ಬರು ಜಂಟಿಯಾಗಿ ನಡೆಸತಕ್ಕದ್ದು, ರದ್ದಾದ ದಿನಕ್ಕೆ ಮೊದಲು ನೀಡಿದ, ಪಟ್ಟಿಯಲ್ಲಿ ಕಾಣಿಸಿದ ಚೆಕ್ಕುಗಳನ್ನು ಪಾವತಿಸತಕ್ಕದ್ದು’ ಎಂಬಷ್ಟು ನೇರವಾಗಿ ಬರೆದರೆ ಶಾಖೆಯಲ್ಲಿ ಗೊಂದಲವಾಗದು. ಲೆಟರ್‌ಹೆಡ್ ಮೇಲಿನ ಅರ್ಜಿ, ಠರಾವಿನ ದೃಢೀಕೃತ ಪ್ರತಿ, ಹೊಸಬರ ಪ್ಯಾನ್, ವಿಳಾಸದ ದಾಖಲೆ, ಫೋಟೋ, ಮಾದರಿ ಸಹಿ ಜೊತೆಗಿರಲಿ.

ಆ ಮೂರನೇ ಮಾತು, ಹಳೆಯ ಚೆಕ್ಕುಗಳದ್ದು, ಬಹಳ ಮುಖ್ಯ. ಸರಕು ಕೊಟ್ಟವರ ಕೈಯಲ್ಲಿ ಮುಂದಿನ ತಾರೀಖಿನ ಚೆಕ್ಕುಗಳಿರುತ್ತವೆ. ಸಹಿ ಬದಲಾದ ಮೇಲೆ ಅವು ‘ಸಹಿ ಹೊಂದುವುದಿಲ್ಲ’ ಎಂದು ವಾಪಸಾಗಬಹುದು. ಲಕ್ಷ್ಮಿ ಡೈಕೆಮ್ ಪ್ರಕರಣದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಚೆಕ್ ಕೊಟ್ಟ ಕಂಪನಿ, ಸಹಿ ಅಧಿಕಾರ ಬದಲಾಗಿದೆ ಎಂಬ ಕಾರಣ ಹೇಳಿತ್ತು. ಹೀಗೆ ಸಹಿಯ ಕಾರಣಕ್ಕೆ ವಾಪಸಾದ ಚೆಕ್ಕೂ ಚೆಕ್ ಬೌನ್ಸ್ ಅಪರಾಧದ 138ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ನೋಟಿಸು ಬಂದ ಮೇಲೆ ಗಡುವಿನೊಳಗೆ ಹಣ ಕೊಟ್ಟರೆ ಮೊಕದ್ದಮೆ ತಪ್ಪುತ್ತದೆ. ಹಾಗಾಗಿ ಹೊರಗಿರುವ ಚೆಕ್ಕುಗಳ ಪಟ್ಟಿ ಮಾಡಿ, ಬ್ಯಾಂಕಿಗೆ ತಿಳಿಸುವುದು ಅಥವಾ ಹೊಸ ಸಹಿಯ ಚೆಕ್ ಬದಲಿಸಿಕೊಡುವುದು ಒಳ್ಳೆಯದು.

ಚೆಕ್ ಪುಸ್ತಕದ ಮೇಲಿನ ಸಹಿ ಬದಲಾದರೂ ನೆಟ್‌ ಬ್ಯಾಂಕಿಂಗ್ ಹಾಗೇ ಉಳಿಯುವುದುಂಟು. ಅದರ ಬಳಕೆದಾರರ ಖಾತೆಗೆ ಎಷ್ಟೋ ಬ್ಯಾಂಕುಗಳಲ್ಲಿ ಬೇರೆಯೇ ನಮೂನೆ ತುಂಬಬೇಕು. ಒಟಿಪಿ ಹೋಗುವ ಮೊಬೈಲ್ ನಂಬರು ಹೋದವರದ್ದೇ ಆಗಿದ್ದರೆ ಹೊಸಬರು ಹಣ ವರ್ಗಾಯಿಸಲಾಗದೆ ಕೂರಬೇಕಾಗುತ್ತದೆ. ಅವರ ಹೆಸರಿನ ಡೆಬಿಟ್ ಕಾರ್ಡನ್ನೂ ಅದೇ ಅರ್ಜಿಯಲ್ಲಿ ರದ್ದು ಮಾಡಿಸಬೇಕು.

ಹೋದವರು ‘ನಾನು ರಾಜೀನಾಮೆಯನ್ನೇ ಕೊಟ್ಟಿಲ್ಲ’ ಎಂದು ಬ್ಯಾಂಕಿಗೆ ಬರೆದರೆ ಮಾತ್ರ ಈ ಯಾವ ಕಾಗದವೂ ಸಾಲದೆ ಹೋಗಬಹುದು. ಇಂಥ ಎದುರುಬದುರು ಪತ್ರಗಳು ಬಂದಾಗ ಬ್ಯಾಂಕುಗಳು ಸಾಮಾನ್ಯವಾಗಿ ಖಾತೆಯ ವ್ಯವಹಾರ ನಿಲ್ಲಿಸಿ, ಇಬ್ಬರ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶ ಕೇಳುತ್ತವೆ. ಇಬ್ಬರೇ ನಿರ್ದೇಶಕರಿರುವ ಕಂಪನಿಗಳು, ಇಬ್ಬರೂ ಚೆನ್ನಾಗಿರುವಾಗಲೇ ನಂಬಿಕಸ್ಥರಾದ ಮೂರನೆಯವರನ್ನು ಮಂಡಳಿಗೆ ಸೇರಿಸಿ, ಖಾತೆಯನ್ನು ‘ಮೂವರಲ್ಲಿ ಯಾರಾದರೂ ಇಬ್ಬರು’ ನಡೆಸುವಂತೆ ಠರಾವು ಮಾಡಿಟ್ಟುಕೊಳ್ಳಲಿ.